ಬಿಸಿಲು ಬೀಳುವ ಹಾಲ್‌ಗೆ ಯಾವ ಟಿವಿ, ಕತ್ತಲೆ ಕೋಣೆಗೆ ಯಾವುದು

ಪ್ರಶ್ನೆ: "ದಾವಣಗೆರೆಯಲ್ಲಿ ಹೊಸ ಮನೆ ಕಟ್ಟಿಸಿದ್ದೇವೆ. ಹಾಲ್ 18 ಅಡಿ ಉದ್ದ, 14 ಅಡಿ ಅಗಲ. ಪಶ್ಚಿಮಕ್ಕೆ ಆರಡಿ ಅಗಲದ ಕಿಟಕಿ, ಅದರ ಎದುರಿನ ಗೋಡೆಗೇ ಟಿವಿ ಪಾಯಿಂಟ್ ಇಟ್ಟಿದ್ದಾರೆ. ಅತ್ತೆಗೆ ಬೆಳಿಗ್ಗೆಯಿಂದ ನ್ಯೂಸ್, ಸಂಜೆ ಧಾರಾವಾಹಿ. ಯಜಮಾನರಿಗೆ ಕ್ರಿಕೆಟ್. ಮಕ್ಕಳು ಮಲಗಿದ ಮೇಲೆ ನಾವಿಬ್ಬರೂ ಬೆಡ್‌ರೂಮಿನಲ್ಲಿ ಲೈಟ್ ಆರಿಸಿ ಸಿನಿಮಾ ನೋಡುತ್ತೇವೆ, ಅಲ್ಲಿ ಹಳೆಯ 43 ಇಂಚಿನ ಎಲ್‌ಇಡಿ ಇದೆ. ಅಂಗಡಿಯವರು 'ಒಳ್ಳೆಯ ಟಿವಿ ಹಾಲ್‌ಗೇ ಇರಲಿ' ಎಂದು 55 ಇಂಚಿನ ಓಎಲ್‌ಇಡಿ ತೋರಿಸಿ 1 ಲಕ್ಷ 15 ಸಾವಿರ ಹೇಳಿದರು. 65 ಇಂಚಿನ ಮಿನಿ ಎಲ್‌ಇಡಿಗೆ 95 ಸಾವಿರ. ಓಎಲ್‌ಇಡಿ ಪರದೆ ಸುಟ್ಟುಹೋಗುತ್ತದೆ ಎಂದು ತಮ್ಮ ಹೆದರಿಸುತ್ತಾನೆ, ಎಲ್‌ಇಡಿ ಹಳೇ ಕಾಲದ್ದು ಎಂದು ಅಂಗಡಿಯವರು ಹೇಳುತ್ತಾರೆ. ಯಾವುದನ್ನು ಎಲ್ಲಿ ಹಾಕೋಣ?"

ಉತ್ತರ: ಹಾಲ್‌ಗೆ ಮಿನಿ ಎಲ್‌ಇಡಿ, ಬೆಡ್‌ರೂಮಿಗೆ ಓಎಲ್‌ಇಡಿ. ಎರಡನ್ನೂ ಈಗಲೇ ಕೊಳ್ಳಬೇಕೆಂದೇನಿಲ್ಲ. ಹಾಲ್‌ನದ್ದನ್ನು ಮೊದಲು ತನ್ನಿ, ಬೆಡ್‌ರೂಮಿನದು ಒಂದು ವರ್ಷ ಕಾದರೂ ನಡೆಯುತ್ತದೆ. ಅದಕ್ಕೂ ಮೊದಲು, ಸಾಧ್ಯವಿದ್ದರೆ, ಆ ಟಿವಿ ಪಾಯಿಂಟನ್ನು ಪಕ್ಕದ ಗೋಡೆಗೆ ಸರಿಸಿ. ಹೊಸ ಮನೆಯಲ್ಲಿ ಎಲೆಕ್ಟ್ರಿಷಿಯನ್‌ಗೆ ಅದು ಒಂದು ದಿನದ ಕೆಲಸ. ನೀವು ಯಾವ ಟಿವಿ ತಂದರೂ ಅದರಿಂದ ಸಿಗುವ ಲಾಭ ದೊಡ್ಡದು.

ಇಪ್ಪತ್ತು ವರ್ಷಗಳಿಂದ ಮನೆಮನೆಗೆ ಹೋಗಿ ಟಿವಿ ಕೂರಿಸುವುದು, ಸೆಟ್ಟಿಂಗ್ ಮಾಡುವುದು, ಕೆಟ್ಟರೆ ಬಿಚ್ಚಿ ನೋಡುವುದು ನನ್ನ ಕೆಲಸ. ಈಚಿನ ವರ್ಷಗಳಲ್ಲಿ ಬರುವ ದೂರುಗಳಲ್ಲಿ ಬಹಳಷ್ಟು, ಒಳ್ಳೆಯ ಟಿವಿಯನ್ನು ಅದಕ್ಕೆ ಒಗ್ಗದ ಕೋಣೆಯಲ್ಲಿ ಹಾಕಿದ್ದರಿಂದ ಬಂದವು.

ನೀವು ಹೇಳಿದ ಎರಡೂ ಟಿವಿಗಳ ಒಳಗೇನಿದೆ ಎಂಬುದನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ಎಲ್‌ಇಡಿ ಟಿವಿ ಎಂದು ಮಾರುವುದೆಲ್ಲ ನಿಜವಾಗಿ ಎಲ್‌ಸಿಡಿ ಪರದೆ. ಹಿಂದೆ ಎಲ್‌ಇಡಿ ದೀಪಗಳು ಉರಿಯುತ್ತಿರುತ್ತವೆ, ಮುಂದಿನ ಎಲ್‌ಸಿಡಿ ಪದರ ಕಿಟಕಿಯ ಬಾಗಿಲುಗಳ ಹಾಗೆ ತೆರೆದು ಮುಚ್ಚಿ ಬೆಳಕನ್ನು ಬಿಡುತ್ತದೆ, ತಡೆಯುತ್ತದೆ. ಆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಸಂದಿಯಲ್ಲಿ ಒಂದಿಷ್ಟು ಬೆಳಕು ಸೋರುತ್ತದೆ. ಅದಕ್ಕೇ ಕತ್ತಲೆಯಲ್ಲಿ ಅದರ ಕಪ್ಪು ಬೂದಿಯಂತೆ ಕಾಣುವುದು. ಮಿನಿ ಎಲ್‌ಇಡಿಯಲ್ಲಿ ಹಿಂದಿನ ದೀಪಗಳು ಬಹಳ ಚಿಕ್ಕವು, ಬಹಳ ಸಂಖ್ಯೆಯವು. ಅವನ್ನು ನೂರಾರು ಗುಂಪುಗಳಾಗಿ ಹಂಚಿ, ಚಿತ್ರ ಕಪ್ಪಿರುವ ಕಡೆ ಆ ಗುಂಪನ್ನೇ ಮಂದ ಮಾಡುತ್ತಾರೆ. ಓಎಲ್‌ಇಡಿಯಲ್ಲಿ ಹಿಂದೆ ದೀಪವೇ ಇಲ್ಲ. ಪ್ರತಿಯೊಂದು ಚುಕ್ಕಿಯೂ ತಾನೇ ಉರಿಯುತ್ತದೆ, ತಾನೇ ಆರುತ್ತದೆ. ಆರಿದ ಚುಕ್ಕಿಯಿಂದ ಬೆಳಕು ಸೊನ್ನೆ. ಕ್ಯುಎಲ್‌ಇಡಿ ಎಂಬ ಹೆಸರು ಕೇಳಿ ಅದೂ ಓಎಲ್‌ಇಡಿಯ ತಮ್ಮ ಎಂದುಕೊಳ್ಳುವವರಿದ್ದಾರೆ. ಅದು ಎಲ್‌ಸಿಡಿಯೇ, ಬಣ್ಣ ಚೆನ್ನಾಗಿ ಬರಲಿ ಎಂದು ನಡುವೆ ಒಂದು ಪದರ ಹೆಚ್ಚು ಹಾಕಿರುತ್ತಾರೆ, ಅಷ್ಟೇ.

ಅಂಗಡಿಯವರು ಓಎಲ್‌ಇಡಿಯ ಕಪ್ಪು ಬಣ್ಣ ತೋರಿಸಿ ನಿಮ್ಮನ್ನು ಒಪ್ಪಿಸಿರಬೇಕು. ಅವರು ಸುಳ್ಳು ಹೇಳಿಲ್ಲ. ಆದರೆ ಆ ಕಪ್ಪು ನಿಮ್ಮ ಹಾಲ್‌ಗೆ ಬಂದಾಗ ಉಳಿಯುವುದಿಲ್ಲ. ಇದನ್ನು ನೀವೇ ನೋಡಬಹುದು. ಬೆಡ್‌ರೂಮಿನ ಹಳೇ ಟಿವಿಯನ್ನು ಒಂದು ಮಧ್ಯಾಹ್ನ ಹಾಲ್‌ಗೆ ತಂದು, ಟಿವಿ ಪಾಯಿಂಟ್ ಇರುವ ಗೋಡೆಯ ಮುಂದೆ ಮೇಜಿನ ಮೇಲೆ ನಿಲ್ಲಿಸಿ. ಆನ್ ಮಾಡಬೇಡಿ. ನಾಲ್ಕು ಗಂಟೆಗೆ ಸೋಫಾ ಬರುವ ಜಾಗದಲ್ಲಿ ಕುಳಿತು ಆ ಆರಿದ ಪರದೆಯನ್ನೇ ನೋಡಿ. ಅದು ಕಪ್ಪಗಿರುವುದಿಲ್ಲ. ಬೂದು ಬಣ್ಣವಿರುತ್ತದೆ, ಅದರೊಳಗೆ ನಿಮ್ಮ ಕಿಟಕಿ, ಕಿಟಕಿಯ ಸರಳು, ಕುಳಿತಿರುವ ನೀವು ಎಲ್ಲ ಕಾಣುತ್ತೀರಿ. ತನ್ನದೇ ಆರಿದ ಪರದೆಗಿಂತ ಕಪ್ಪಾದ ಕಪ್ಪನ್ನು ಆ ಹೊತ್ತಿನಲ್ಲಿ ಆ ಜಾಗದಲ್ಲಿ ಯಾವ ಟಿವಿಯೂ ಕೊಡಲಾರದು. ಪರದೆ ಎಷ್ಟೇ ಚೆನ್ನಾಗಿ ಆರಿದರೂ ಕೋಣೆಯ ಬೆಳಕು ಅದರ ಮೇಲೆ ಬಿದ್ದು ವಾಪಸು ಬರುತ್ತದಲ್ಲ. ಒಳ್ಳೆಯ ಹೊಸ ಪರದೆಗಳಲ್ಲಿ ಹೀಗೆ ವಾಪಸು ಬರುವುದು ಕಡಿಮೆಯಾಗಿದೆ, ಆದರೆ ಇಲ್ಲವಾಗಿಲ್ಲ.

ಇದನ್ನು ಲೆಕ್ಕ ಹಾಕಿ ತೋರಿಸುತ್ತೇನೆ. ಲೆಕ್ಕ ಸುಲಭವಿದೆ. ಪರದೆಯ ಬೆಳಕನ್ನು ನಿಟ್ ಎಂಬ ಅಳತೆಯಲ್ಲಿ ಹೇಳುತ್ತಾರೆ, ಕೋಣೆಯಲ್ಲಿ ಬೀಳುವ ಬೆಳಕನ್ನು ಲಕ್ಸ್‌ನಲ್ಲಿ. ಫೋನಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಸಿಗುತ್ತದೆ. ಅದು ಪ್ರಯೋಗಾಲಯದ ಮೀಟರ್ ಅಲ್ಲ, ಆದರೆ ಅಂದಾಜಿಗೆ ಸಾಕು. ನಿಮ್ಮಂಥ ಹಾಲ್‌ನಲ್ಲಿ ಮಧ್ಯಾಹ್ನ ಟಿವಿ ಗೋಡೆಗೆ ಫೋನ್ ಒರಗಿಸಿ ಹಿಡಿದರೆ 300 ಲಕ್ಸ್ ಬಂತು ಎಂದಿಟ್ಟುಕೊಳ್ಳಿ. ಪರದೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಒಂದು ಪಾಲನ್ನು ಸುತ್ತಲೂ ಚದುರಿಸುತ್ತದೆ ಎನ್ನೋಣ. 300ರಲ್ಲಿ ನೂರಕ್ಕೊಂದು ಪಾಲು ಅಂದರೆ 3, ಅದನ್ನು 3.14ರಿಂದ ಭಾಗಿಸಿದರೆ ಹತ್ತಿರ ಹತ್ತಿರ 1 ನಿಟ್. ಅಂದರೆ ಪರದೆಯ ಮೇಲಿನ ಎಲ್ಲ ಕಡೆಗೂ, ಕಪ್ಪಿರುವ ಕಡೆಗೂ, 1 ನಿಟ್ ಬೂದು ಬಳಿದ ಹಾಗೆ.

ಈಗ ಅದರ ಮೇಲೆ ಚಿತ್ರ ಬರಲಿ. ಹಗಲಿನ ಕ್ರಿಕೆಟ್ ಮ್ಯಾಚ್ ತೆಗೆದುಕೊಳ್ಳಿ, ಪರದೆಯ ಅಂಚಿನಿಂದ ಅಂಚಿಗೆ ಬಿಸಿಲಿನ ಮೈದಾನ. ಇಂಥ ಇಡೀ ಪರದೆ ಬೆಳಗುವ ಚಿತ್ರದಲ್ಲಿ ಓಎಲ್‌ಇಡಿ ಒಂದು 250 ನಿಟ್ ಕೊಡುತ್ತದೆ, ಒಳ್ಳೆಯ ಮಿನಿ ಎಲ್‌ಇಡಿ 550 ಕೊಡುತ್ತದೆ ಎನ್ನೋಣ. ಮಾಡೆಲ್‌ನಿಂದ ಮಾಡೆಲ್‌ಗೆ ಇದು ಹೆಚ್ಚುಕಡಿಮೆಯಾಗುತ್ತದೆ, ಆದರೆ ಇವೆರಡರ ನಡುವಿನ ಅಂತರ ಸಾಮಾನ್ಯವಾಗಿ ಇಷ್ಟಿರುತ್ತದೆ. ಓಎಲ್‌ಇಡಿಯ ಕಪ್ಪು ಸೊನ್ನೆ, ಕೋಣೆ ಕೊಟ್ಟದ್ದು 1. ಬಿಳಿಗೂ ಕಪ್ಪಿಗೂ ಅನುಪಾತ ಸುಮಾರು 250ಕ್ಕೆ 1. ಮಿನಿ ಎಲ್‌ಇಡಿಯಲ್ಲಿ ಸೋರುವ ಬೆಳಕು 0.05 ಎಂದು ಸೇರಿಸಿದರೂ ಕಪ್ಪು 1.05, ಬಿಳಿ 550. ಅನುಪಾತ 500ಕ್ಕಿಂತ ಹೆಚ್ಚು. ಓಎಲ್‌ಇಡಿಗೆ ಕೊಟ್ಟ ಹೆಚ್ಚಿನ ಹಣ ಆ 1 ನಿಟ್‌ನಲ್ಲಿ ಮುಳುಗಿಹೋಯಿತು, ಮಿನಿ ಎಲ್‌ಇಡಿಯ ಚಿತ್ರ ಎರಡು ಪಟ್ಟು ಗಟ್ಟಿಯಾಗಿ ಕಾಣುತ್ತದೆ.

ಅದೇ ಲೆಕ್ಕವನ್ನು ರಾತ್ರಿ ಹತ್ತೂವರೆಗೆ ನಿಮ್ಮ ಬೆಡ್‌ರೂಮಿಗೆ ತನ್ನಿ. ಲೈಟ್ ಆರಿದೆ, ಪರದೆಯ ಬೆಳಕೇ ಗೋಡೆಗೆ ಬಡಿದು ಬರುವುದು ಒಂದೆರಡು ಲಕ್ಸ್. 2 ಲಕ್ಸ್ ಎಂದರೆ ಪರದೆ ವಾಪಸು ಕೊಡುವುದು 0.006 ನಿಟ್. ಕತ್ತಲೆಯಲ್ಲಿ ಕಣ್ಣಿಗೆ ಹಿತವಾಗಿರುವುದು 100-120 ನಿಟ್ ಬಿಳಿ, ಅದಕ್ಕಿಂತ ಹೆಚ್ಚು ಬೇಕಾಗುವುದೂ ಇಲ್ಲ. ಮಾಮೂಲಿ ಸಿನಿಮಾ, ಧಾರಾವಾಹಿಗಳ ಚಿತ್ರವನ್ನು ಸ್ಟುಡಿಯೋದಲ್ಲಿ ತಿದ್ದುವಾಗ ಅವರು ಇಟ್ಟುಕೊಳ್ಳುವುದೂ 100 ನಿಟ್. ಈಗ ಓಎಲ್‌ಇಡಿಯ ಅನುಪಾತ 20,000ದ ಹತ್ತಿರ ಹೋಗುತ್ತದೆ. ದೀಪಗಳನ್ನು ಗುಂಪಾಗಿ ಮಂದ ಮಾಡುವ ಏರ್ಪಾಡಿಲ್ಲದ ಸಾಮಾನ್ಯ ಎಲ್‌ಇಡಿ ಟಿವಿಯಲ್ಲಿ, ಅದರ ಪರದೆ ವಿಎ ಜಾತಿಯದಾದರೆ 4,000, ಐಪಿಎಸ್ ಜಾತಿಯದಾದರೆ ಸಾವಿರವೂ ಮುಟ್ಟುವುದಿಲ್ಲ. ಹಗಲಿನಲ್ಲಿ ಸೋತ ಟಿವಿ ರಾತ್ರಿ ಸಾಮಾನ್ಯ ಎಲ್‌ಇಡಿಗಿಂತ ಐದರಿಂದ ಇಪ್ಪತ್ತು ಪಟ್ಟು ಮುಂದೆ ಹೋಯಿತು, ಟಿವಿ ಬದಲಾಗಲಿಲ್ಲ, ಕೋಣೆ ಬದಲಾಯಿತು.

ಓಎಲ್‌ಇಡಿ ಮೈದಾನ ತೋರಿಸುವಾಗ ಮಂಕಾಗುವುದು ಏಕೆ ಎಂದು ಕೇಳುತ್ತೀರಿ. ಅಂಗಡಿಯಲ್ಲಿ ಕಣ್ಣು ಕುಕ್ಕುವ ಹಾಗಿತ್ತಲ್ಲ? ಅಂಗಡಿಯಲ್ಲಿ ಹಾಕುವ ವಿಡಿಯೋ ನೆನಪು ಮಾಡಿಕೊಳ್ಳಿ. ಕಪ್ಪು ಹಿನ್ನೆಲೆ, ನಡುವೆ ಒಂದು ಹೂವು, ಒಂದು ಪಟಾಕಿ, ಜೇನಿನ ಹನಿ. ಪರದೆಯ ಹತ್ತರಲ್ಲೊಂದು ಪಾಲು ಮಾತ್ರ ಉರಿಯುತ್ತಿರುವಾಗ ಓಎಲ್‌ಇಡಿ ಆ ಜಾಗಕ್ಕೆ ಶಕ್ತಿಯನ್ನೆಲ್ಲ ಕೊಟ್ಟು 800, 1000 ನಿಟ್, ಒಳ್ಳೆಯ ಮಾಡೆಲ್ ಅದಕ್ಕೂ ಹೆಚ್ಚು ಉರಿಯಬಲ್ಲದು. ಇಡೀ ಪರದೆ ಬೆಳಗಬೇಕಾಗಿ ಬಂದಾಗ ಕರೆಂಟು ಮತ್ತು ಬಿಸಿ ಮಿತಿ ಮೀರದಂತೆ ಟಿವಿ ತಾನೇ ಬೆಳಕು ಇಳಿಸುತ್ತದೆ. ಅದು ದೋಷವಲ್ಲ, ಹಾಗೆಯೇ ಮಾಡಿಟ್ಟಿದ್ದಾರೆ. ಹೀಗಾಗಿ ಮತ್ತೆ ಅಂಗಡಿಗೆ ಹೋದಾಗ ಹೂವಿನ ವಿಡಿಯೋ ನಿಲ್ಲಿಸಲು ಹೇಳಿ, ಯಾವುದಾದರೂ ಹಗಲು ಮ್ಯಾಚಿನ ಹೈಲೈಟ್ಸ್ ಎರಡೂ ಟಿವಿಗಳಲ್ಲಿ ಹಾಕಿಸಿ. ಚಿತ್ರದ ಮೋಡ್ ವಿವಿಡ್ ಇದ್ದರೆ ಎರಡರಲ್ಲೂ ಸ್ಟ್ಯಾಂಡರ್ಡ್‌ಗೆ ತರಲು ಹೇಳಿ. ಕ್ಯಾಮೆರಾ ಆಟಗಾರನ ಮುಖದಿಂದ ಹಿಂದೆ ಸರಿದು ಇಡೀ ಮೈದಾನ ತೋರಿಸುವ ಕ್ಷಣದಲ್ಲಿ ಓಎಲ್‌ಇಡಿಯಲ್ಲಿ ಹಸಿರು ಒಂದು ಮೆಟ್ಟಿಲು ಇಳಿದ ಹಾಗೆ ಆಗುವುದು ನಿಮಗೇ ಕಾಣುತ್ತದೆ.

ಈಗ ನಿಮ್ಮ ತಮ್ಮ ಹೇಳಿದ ಮಾತು. ಪರದೆ ಸುಡುವುದಿಲ್ಲ, ಸವೆಯುತ್ತದೆ. ಓಎಲ್‌ಇಡಿಯ ಪ್ರತಿ ಚುಕ್ಕಿಯೂ ಉರಿದಷ್ಟೂ ಸ್ವಲ್ಪ ಸ್ವಲ್ಪವೇ ಮಂಕಾಗುತ್ತ ಹೋಗುತ್ತದೆ. ಎಲ್ಲ ಚುಕ್ಕಿಗಳೂ ಒಂದೇ ಸಮ ಸವೆದರೆ ಯಾರಿಗೂ ಗೊತ್ತಾಗುವುದಿಲ್ಲ. ತೊಂದರೆ ಬರುವುದು ಒಂದು ಜಾಗ ಬೇರೆಲ್ಲಕ್ಕಿಂತ ಬೇಗ ಸವೆದಾಗ. ನ್ಯೂಸ್ ಚಾನೆಲ್ ಹಚ್ಚಿ ನೋಡಿ. ಮೂಲೆಯಲ್ಲಿ ಅಲುಗಾಡದ ಲೋಗೋ, ಕೆಳಗೆ ಕೆಂಪು ಪಟ್ಟಿ, ಅದರ ಮೇಲೆ ಬ್ರೇಕಿಂಗ್ ಎಂಬ ಬಿಳಿ ಅಕ್ಷರ. ಪಟ್ಟಿಯಲ್ಲಿ ಸುದ್ದಿ ಓಡುತ್ತಿದ್ದರೂ ಪಟ್ಟಿ ಇರುವಲ್ಲೇ ಇರುತ್ತದೆ. ಅತ್ತೆಯವರು ದಿನಕ್ಕೆ ಆರು ಗಂಟೆ ಅದೇ ಚಾನೆಲ್ ನೋಡಿದರೆ ವರ್ಷಕ್ಕೆ ಎರಡು ಸಾವಿರ ಗಂಟೆಗೂ ಹೆಚ್ಚು ಆ ಜಾಗದ ಚುಕ್ಕಿಗಳು ಬಿಡುವಿಲ್ಲದೆ ಉರಿಯುತ್ತವೆ. ಬಿಸಿಲಿನ ಹಾಲ್ ಆದ್ದರಿಂದ ಬೆಳಕನ್ನು ಗರಿಷ್ಠಕ್ಕೇ ಇಟ್ಟಿರುತ್ತೀರಿ, ಬೆಳಕು ಹೆಚ್ಚಿದಷ್ಟೂ ಸವೆತ ಬೇಗ. ಪಶ್ಚಿಮದ ಬಿಸಿಲು ಸಂಜೆ ನೇರ ಪರದೆಗೇ ಬೀಳುತ್ತದೆ, ಬಿಸಿಯೂ ಸವೆತವನ್ನು ಹೆಚ್ಚಿಸುತ್ತದೆ. ಓಎಲ್‌ಇಡಿಗೆ ಆಗದ ಮೂರೂ ನಿಮ್ಮ ಹಾಲ್‌ನಲ್ಲಿ ಒಟ್ಟಿಗೆ ಇವೆ.

ಇಂಥದ್ದೇ ಒಂದು ಮನೆ ನನಗೆ ಮರೆಯುವುದಿಲ್ಲ. ಹಾಲ್‌ನಲ್ಲಿ ಓಎಲ್‌ಇಡಿ, ಎರಡೂವರೆ ವರ್ಷದ್ದು. ನಿವೃತ್ತ ಮೇಷ್ಟ್ರು, ಬೆಳಿಗ್ಗೆಯಿಂದ ಸಂಜೆಯವರೆಗೂ ಒಂದೇ ನ್ಯೂಸ್ ಚಾನೆಲ್. ಅವರ ಮಗ ಫೋನ್ ಮಾಡಿ, ಐಪಿಎಲ್ ನೋಡುವಾಗ ಮೈದಾನದ ಮೇಲೆ ಏನೋ ಬರೆದ ಹಾಗಿದೆ ಎಂದರು. ಹೋಗಿ ನೋಡಿದೆ. ಹಸಿರಿನ ಮೇಲೆ ಮೇಲಿನ ಮೂಲೆಯಲ್ಲಿ ಲೋಗೋದ ನೆರಳು, ಕೆಳಗೆ ಉದ್ದಕ್ಕೂ ಪಟ್ಟಿಯ ಗುರುತು. ಪರದೆ ತುಂಬ ಹಳದಿ ಬಣ್ಣ ಹಾಕಿದಾಗ ಅಕ್ಷರಗಳ ಅಂಚನ್ನು ಸಹ ಗುರುತಿಸಬಹುದಿತ್ತು. ಅಂಥ ಗುರುತು ಕೆಲವೊಮ್ಮೆ ತಾತ್ಕಾಲಿಕವಾಗಿರುತ್ತದೆ, ಬೇರೆ ಚಿತ್ರ ಓಡಿಸಿದರೆ ಅರ್ಧ ಗಂಟೆಯಲ್ಲೋ ರಾತ್ರಿ ಕಳೆಯುವುದರೊಳಗೋ ಮಾಯವಾಗುತ್ತದೆ. ಅವರ ಮನೆಯಲ್ಲಿ ಎರಡು ದಿನ ಕಾದೆವು, ಮೆನುವಿನಲ್ಲಿದ್ದ ಪರದೆ ಸ್ವಚ್ಛಗೊಳಿಸುವ ಆಯ್ಕೆಯನ್ನೂ ಓಡಿಸಿದೆವು. ಕಡಿಮೆಯಾಯಿತು, ಹೋಗಲಿಲ್ಲ. ಕಂಪನಿಯವರು ಇದು ವಾರಂಟಿಗೆ ಬರುವುದಿಲ್ಲ ಎಂದರು. ಪ್ಯಾನೆಲ್ ಬದಲಿಸಲು ಹೇಳಿದ ದರ ಹೊಸ ಟಿವಿಯ ಬೆಲೆಗೆ ಹತ್ತಿರವಿತ್ತು.

ಮೇಷ್ಟ್ರ ಮನೆಯಲ್ಲಿ ನನಗೆ ಇನ್ನೊಂದು ವಿಷಯ ಸಿಕ್ಕಿತು. ಇದು ನಮ್ಮ ಮನೆಗಳಲ್ಲಿ ಎಲ್ಲ ಕಡೆ ನಡೆಯುವುದರಿಂದ ವಿವರವಾಗಿ ಹೇಳುತ್ತೇನೆ. ಅವರು ಪ್ರತಿ ರಾತ್ರಿ ರಿಮೋಟ್‌ನಿಂದ ಟಿವಿ ಆರಿಸಿ, ಕೂಡಲೇ ಎದ್ದು ಗೋಡೆಯ ಸ್ವಿಚ್ಚನ್ನೂ ಆರಿಸುತ್ತಿದ್ದರು. ಕರೆಂಟು ಉಳಿತಾಯಕ್ಕೆಂದು, ಸಿಡಿಲಿನ ಭಯಕ್ಕೆಂದು ನಾವೆಲ್ಲ ಚಿಕ್ಕಂದಿನಿಂದ ಮಾಡಿಕೊಂಡು ಬಂದದ್ದೇ ಅದು. ಆದರೆ ಓಎಲ್‌ಇಡಿ ಟಿವಿ ಸಾಮಾನ್ಯವಾಗಿ ಒಟ್ಟು ನಾಲ್ಕು ಗಂಟೆಯಷ್ಟು ಓಡಿದ ಮೇಲೆ, ರಿಮೋಟ್‌ನಿಂದ ಆರಿಸಿದಾಗ, ಪರದೆ ಕತ್ತಲಾಗಿರುವಂತೆಯೇ ಒಳಗೊಳಗೆ ಕೆಲವು ನಿಮಿಷ ಒಂದು ಕೆಲಸ ಮಾಡುತ್ತದೆ. ಚುಕ್ಕಿಗಳನ್ನು ಅಳೆದು, ಯಾವುದು ಎಷ್ಟು ಮಂಕಾಗಿದೆ ಎಂದು ನೋಡಿ, ಅದಕ್ಕೆ ತಕ್ಕಂತೆ ಕರೆಂಟನ್ನು ಹೊಂದಿಸುತ್ತದೆ. ಸ್ವಿಚ್ ಆರಿಸಿದರೆ ಅದು ಅರ್ಧಕ್ಕೇ ನಿಂತಿತು. ಎರಡೂವರೆ ವರ್ಷ ಅವರ ಟಿವಿಗೆ ಆ ಅವಕಾಶವೇ ಸಿಕ್ಕಿರಲಿಲ್ಲ. ಸ್ಟ್ಯಾಂಡ್‌ಬೈನಲ್ಲಿ ಈಗಿನ ಟಿವಿ ಎಳೆಯುವುದು ಅರ್ಧ ವಾಟ್‌ನಷ್ಟು, ಇಡೀ ವರ್ಷಕ್ಕೆ ನಾಲ್ಕೈದು ಯೂನಿಟ್. ಅಷ್ಟು ಉಳಿಸಲು ಹೋಗಿ ಲಕ್ಷದ ಪರದೆಯನ್ನು ಕಳೆದುಕೊಳ್ಳುವುದು ಬೇಡ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಬಂದ ದಿನ ಪ್ಲಗ್ ಕೀಳುವುದು ಸರಿಯೇ, ಅದನ್ನು ಬಿಡಬೇಡಿ. ಆ ಕೆಲಸ ಮರುದಿನ ಆರಿಸಿದಾಗ ನಡೆಯುತ್ತದೆ. ಪ್ರತಿದಿನವೂ ತಪ್ಪುತ್ತಾ ಹೋಗಬಾರದು, ಅಷ್ಟೇ.

ಹಾಗೆಂದು ಓಎಲ್‌ಇಡಿಗೆ ಹೆದರಬೇಕಾಗಿಲ್ಲ. ದಿನಕ್ಕೆ ಎರಡು ಗಂಟೆ ಸಿನಿಮಾ, ಬೇರೆ ಬೇರೆ ಚಿತ್ರ, ಮಂದ ಬೆಳಕು, ನೆರಳಿನ ಕೋಣೆ ಎಂದರೆ ಗುರುತು ಬೀಳುವುದಕ್ಕೆ ಕಾರಣವೇ ಇರುವುದಿಲ್ಲ. ಅಂದರೆ ನಿಮ್ಮ ಬೆಡ್‌ರೂಮು. ನಾನು ಕೂರಿಸಿದ ಅಂಥ ಟಿವಿಗಳು ಐದಾರು ವರ್ಷವಾದರೂ ಮೊದಲ ದಿನದ ಹಾಗೇ ಇವೆ.

ಎಲ್‌ಇಡಿ ಹಳೇ ಕಾಲದ್ದು ಎಂಬ ಮಾತಿಗೆ ಬರೋಣ. ಅದಕ್ಕೂ ತನ್ನದೇ ಕಾಯಿಲೆಗಳಿವೆ, ಮುಚ್ಚಿಡುವುದಿಲ್ಲ. ಹಿಂದಿನ ದೀಪಗಳನ್ನು ಪಟ್ಟಿಗಳಲ್ಲಿ ಸಾಲಾಗಿ ಜೋಡಿಸಿರುತ್ತಾರೆ. ಸಾಮಾನ್ಯ ಟಿವಿಯಲ್ಲಿ ಒಂದು ದೀಪ ಸತ್ತರೆ ಸಾಲೇ ಆರುತ್ತದೆ, ಎಷ್ಟೋ ಸಲ ಟಿವಿ ತನ್ನ ರಕ್ಷಣೆಗೆಂದು ಇಡೀ ಬ್ಯಾಕ್‌ಲೈಟನ್ನೇ ನಿಲ್ಲಿಸುತ್ತದೆ. ಧ್ವನಿ ಬರುತ್ತಿದೆ, ಚಿತ್ರ ಇಲ್ಲ ಎಂಬ ದೂರು ಬಂದಾಗ ನಾನು ಮೊದಲು ಮಾಡುವುದು ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯುವುದು. ಕತ್ತಲಲ್ಲಿ ಮಸುಕಾಗಿ ಚಿತ್ರ ಓಡುತ್ತಿರುವುದು ಕಂಡರೆ ಪ್ಯಾನೆಲ್ ಚೆನ್ನಾಗಿದೆ, ದೀಪ ಹೋಗಿದೆ ಎಂದರ್ಥ. ಪರದೆಯ ಮೇಲೆ ನಾಣ್ಯದ ಗಾತ್ರದ ಬಿಳಿ ಚುಕ್ಕಿಗಳು ಕಂಡರೆ ದೀಪದ ಮೇಲಿನ ಪುಟ್ಟ ಲೆನ್ಸ್ ಕಳಚಿ ಬಿದ್ದಿದೆ. ಮಾಮೂಲಿ ಎಲ್‌ಇಡಿಯಲ್ಲಿ ಇವೆರಡನ್ನೂ ಸರಿಪಡಿಸಬಹುದು, ಕೆಲವು ಸಾವಿರ ರೂಪಾಯಿಯ ಕೆಲಸ. ಆದರೆ ಪರದೆಯನ್ನು ಬಿಚ್ಚಬೇಕು, ಬಿಚ್ಚುವಾಗ ಪ್ಯಾನೆಲ್ ಒಡೆಯುವ ಅಪಾಯವಿದೆ, ಕೈ ಪಳಗಿದವರ ಬಳಿಯೇ ಮಾಡಿಸಬೇಕು. ಮಿನಿ ಎಲ್‌ಇಡಿಯ ದೀಪದ ಹಲಗೆ ಹಾಳಾದರೆ ರಿಪೇರಿ ಕಷ್ಟ, ಅದಕ್ಕೇ ಹೆಚ್ಚಿನ ವಾರಂಟಿ ತೆಗೆದುಕೊಳ್ಳುವುದಾದರೆ ಈ ಟಿವಿಗೆ ತೆಗೆದುಕೊಳ್ಳಿ. ಇನ್ನು ಬ್ಯಾಕ್‌ಲೈಟನ್ನು ಹಗಲಿಗೆಂದು ನೂರಕ್ಕೆ ಏರಿಸಿ ರಾತ್ರಿಯೂ ಹಾಗೇ ಬಿಡುವುದು ದೀಪಗಳ ಆಯಸ್ಸನ್ನು ತಿನ್ನುತ್ತದೆ. ಕೋಣೆಯ ಬೆಳಕು ನೋಡಿ ತಾನೇ ಇಳಿಸುವ ಸೆನ್ಸರ್ ಇದ್ದರೆ ಹಾಲ್‌ನ ಟಿವಿಯಲ್ಲಿ ಅದನ್ನು ಆನ್ ಮಾಡಿಡಿ.

ಮಿನಿ ಎಲ್‌ಇಡಿ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ ಸಾಲದು, ದೀಪಗಳ ಗುಂಪು ನಿಜವಾಗಿ ಬೇರೆ ಬೇರೆಯಾಗಿ ಮಂದವಾಗುತ್ತದೆಯೇ ಎಂದು ನೋಡಬೇಕು. ಇದಕ್ಕೆ ಲೋಕಲ್ ಡಿಮ್ಮಿಂಗ್ ಎನ್ನುತ್ತಾರೆ. ಕಪ್ಪು ಪರದೆಯ ಮೇಲೆ ಒಂದು ಬಿಳಿ ಚುಕ್ಕಿ ನಿಧಾನವಾಗಿ ಓಡುವ ವಿಡಿಯೋವನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋಗಿ. ಚುಕ್ಕಿಯ ಜತೆಗೇ ಸುತ್ತ ಒಂದು ಪುಟ್ಟ ಬೆಳಕಿನ ವರ್ತುಲ ಓಡಿದರೆ ಗುಂಪುಗಳು ಕೆಲಸ ಮಾಡುತ್ತಿವೆ, ವರ್ತುಲ ಚಿಕ್ಕದಿದ್ದಷ್ಟೂ ಒಳ್ಳೆಯದು. ಚುಕ್ಕಿ ಬಂದ ಕೂಡಲೇ ಇಡೀ ಪರದೆ ಬೂದಾದರೆ ಅದು ಹೆಸರಿಗಷ್ಟೇ ಎಂದು ತಿಳಿಯಿರಿ. ಇನ್ನೊಂದು, ಪಕ್ಕಕ್ಕೆ ಸರಿದು ನೋಡಿ. ಮಿನಿ ಎಲ್‌ಇಡಿಗಳಲ್ಲಿ ಹೆಚ್ಚಿನವು ವಿಎ ಪರದೆಯವು, ನೇರ ಕುಳಿತವರಿಗೆ ಚೆನ್ನಾಗಿ ಕಾಣುತ್ತವೆ, ಪಕ್ಕದಿಂದ ಬಣ್ಣ ತೊಳೆದ ಹಾಗಾಗುತ್ತದೆ. ಓಎಲ್‌ಇಡಿಗೆ ಈ ತೊಂದರೆ ಇಲ್ಲ, ಹಾಲ್‌ನಲ್ಲಿ ಅದಕ್ಕಿರುವ ನಿಜವಾದ ಅನುಕೂಲ ಇದೊಂದೇ. ನೀವು ಸೋಫಾವನ್ನು ಎಲ್ ಆಕಾರದಲ್ಲಿ ಹಾಕುವವರಾದರೆ ಅತ್ತೆಯವರ ಜಾಗವನ್ನು ಟಿವಿಗೆ ನೇರವಾಗಿ ಇಡಿ, ಅವರೇ ಹೆಚ್ಚು ಹೊತ್ತು ನೋಡುವವರು.

ಕಿಟಕಿಯ ವಿಷಯ ಇನ್ನೂ ಹೇಳಿಲ್ಲ. ನಾನು ಲೆಕ್ಕ ಹಾಕಿದ 1 ನಿಟ್ ಬೆಳಕು ಚದುರಿದ್ದು. ಕಿಟಕಿಯೇ ಪರದೆಯಲ್ಲಿ ಕನ್ನಡಿಯಂತೆ ಕಾಣುವುದು ಬೇರೆ. ಹಗಲಿನ ಆಕಾಶ ಸಾವಿರಾರು ನಿಟ್. 3,000 ನಿಟ್ ಆಕಾಶದ ನೂರಕ್ಕೊಂದು ಪಾಲು ಪರದೆಯಿಂದ ಕಣ್ಣಿಗೆ ಹೊಡೆದರೂ 30 ನಿಟ್. ಧಾರಾವಾಹಿಯ ಒಂದು ರಾತ್ರಿ ದೃಶ್ಯದ ಮುಖ ಅದರಡಿಯಲ್ಲಿ ಮುಚ್ಚಿಹೋಗುತ್ತದೆ, ಟಿವಿ ಯಾವುದೇ ಇರಲಿ. ಇದಕ್ಕೆ ದುಡ್ಡು ಸುರಿದು ಪರಿಹಾರ ಸಿಗುವುದಿಲ್ಲ. ಟಿವಿಯನ್ನು ದಕ್ಷಿಣ ಅಥವಾ ಉತ್ತರದ ಗೋಡೆಗೆ, ಕಿಟಕಿ ಪಕ್ಕಕ್ಕೆ ಬರುವಂತೆ ಹಾಕಿದರೆ ಸೋಫಾದಲ್ಲಿ ಕುಳಿತವರ ಕಣ್ಣಿಗೆ ಆ ಪ್ರತಿಬಿಂಬ ಬೀಳುವುದು ತಪ್ಪುತ್ತದೆ. ಪಾಯಿಂಟ್ ಸರಿಸಲು ಆಗದಿದ್ದರೆ ಕಿಟಕಿಗೆ ಎರಡು ಪದರದ ಕರ್ಟನ್ ಹಾಕಿ. ಒಳಗಿನ ತೆಳು ಬಿಳಿ ಕರ್ಟನ್ ಹಗಲಿಡೀ ಇರಲಿ, ದಪ್ಪನೆಯದನ್ನು ನಾಲ್ಕರಿಂದ ಆರರವರೆಗೆ ಎಳೆಯಿರಿ. ನೇರ ಬಿಸಿಲು ಟಿವಿ ಪರದೆಗೆ ಬೀಳುವುದು ಎಲ್‌ಇಡಿಗೂ ಒಳ್ಳೆಯದಲ್ಲ.

ಬೆಡ್‌ರೂಮಿಗೆ ಓಎಲ್‌ಇಡಿ ತರುವಾಗ ಗಮನಿಸಬೇಕಾದ್ದು ಕಡಿಮೆ. ಮಂಚದಿಂದ ಪರದೆಗೆ ಏಳೆಂಟು ಅಡಿ ಇದ್ದರೆ 55 ಇಂಚು ಸರಿಹೋಗುತ್ತದೆ, 48 ಸಿಕ್ಕಿದರೂ ನಷ್ಟವಿಲ್ಲ. ಮಲಗಿ ನೋಡುವುದರಿಂದ ಟಿವಿಯನ್ನು ಸ್ವಲ್ಪ ಎತ್ತರಕ್ಕೆ ಹಾಕುತ್ತಾರೆ, ಕೆಳಗಿನಿಂದ ನೋಡುವಾಗ ವಿಎ ಪರದೆಯ ಬಣ್ಣ ಹೋಗುತ್ತದೆ, ಓಎಲ್‌ಇಡಿಯದು ನಿಲ್ಲುತ್ತದೆ. ಓಎಲ್‌ಇಡಿಯಲ್ಲೂ ಎರಡು ಬಗೆಗಳಿವೆ. ಕ್ಯುಡಿ-ಓಎಲ್‌ಇಡಿ ಎಂಬುದಕ್ಕೆ ಹೊರಗಿನ ಬೆಳಕು ವಾಪಸು ಬರುವುದನ್ನು ತಡೆಯುವ ಮುಂದಿನ ಪೋಲರೈಸರ್ ಪದರ ಇರುವುದಿಲ್ಲ, ಬೆಳಕಿನ ಕೋಣೆಯಲ್ಲಿ ಅದರ ಕಪ್ಪು ನೇರಳೆ ಛಾಯೆಯ ಬೂದಾಗುತ್ತದೆ. ಕತ್ತಲಲ್ಲಿ ಎರಡರ ನಡುವೆ ಆ ವಿಷಯದಲ್ಲಿ ವ್ಯತ್ಯಾಸವಿಲ್ಲ, ಬೆಲೆ ನೋಡಿ ಯಾವುದನ್ನಾದರೂ ತೆಗೆದುಕೊಳ್ಳಿ. ಕತ್ತಲಲ್ಲಿ ಓಎಲ್‌ಇಡಿ ಎಲ್ಲವನ್ನೂ ತೋರಿಸುತ್ತದೆ, ಇಂಟರ್ನೆಟ್‌ನಿಂದ ಬರುವ ಚಿತ್ರದ ಕೊರತೆಯನ್ನೂ. ರಾತ್ರಿ ದೃಶ್ಯಗಳಲ್ಲಿ ಚೌಕ ಚೌಕವಾದ ಮಸುಕು ಕಂಡರೆ ಟಿವಿಯನ್ನು ದೂರಬೇಡಿ, ಆ್ಯಪ್‌ನಲ್ಲಿ ವಿಡಿಯೋ ಗುಣಮಟ್ಟ ಏರಿಸಿ ನೋಡಿ. ಕ್ಯಾಮೆರಾ ಮೆಲ್ಲಗೆ ಹೊರಳುವಾಗ ಚಿತ್ರ ತುಸು ಮುಗ್ಗರಿಸಿದಂತೆ ಕಂಡರೆ, ಚುಕ್ಕಿಗಳು ತೀರಾ ವೇಗವಾಗಿ ಬದಲಾಗುವುದರಿಂದ ಹಾಗೆ. ಮೋಷನ್ ಸೆಟ್ಟಿಂಗನ್ನು ಒಂದೆರಡು ಅಂಕ ಏರಿಸಿದರೆ ಸಾಕು, ಪೂರ್ತಿ ಏರಿಸಿದರೆ ಸಿನಿಮಾ ಧಾರಾವಾಹಿಯಂತಾಗುತ್ತದೆ. ಮೋಡ್ ಫಿಲ್ಮ್‌ಮೇಕರ್ ಅಥವಾ ಸಿನಿಮಾ ಇರಲಿ.

ಆ ಟಿವಿ ಬರುವವರೆಗೆ ಹಳೆಯ 43 ಇಂಚಿನದರಲ್ಲೇ ಒಂದು ಕೆಲಸ ಮಾಡಿ. ಬ್ಯಾಕ್‌ಲೈಟನ್ನು ಮೂವತ್ತರ ಆಸುಪಾಸಿಗೆ ಇಳಿಸಿ, ಟಿವಿಯ ಹಿಂದೆ ಗೋಡೆಗೆ ಬೀಳುವಂತೆ ಒಂದು ಮಂದ ಬಿಳಿ ದೀಪ ಇಡಿ, ಪೆಟ್ಟಿಗೆಯ ಮೇಲೆ 6500 ಕೆಲ್ವಿನ್ ಎಂದಿರಲಿ. ಹಿಂದಿನ ಗೋಡೆ ತುಸು ಬೆಳಗಿದಾಗ ಪರದೆಯ ಬೂದು ಕಣ್ಣಿಗೆ ಕಪ್ಪಾಗಿ ಕಾಣುತ್ತದೆ, ಕಣ್ಣಿನ ಆಯಾಸವೂ ಇಳಿಯುತ್ತದೆ. ಬ್ಯಾಕ್‌ಲೈಟ್ ಇಳಿಸಿದ ಮೇಲೆ ತಲೆನೋವು ಬರುವ ಹಾಗಿದ್ದರೆ ಫೋನಿನ ಕ್ಯಾಮೆರಾವನ್ನು ಸ್ಲೋ ಮೋಷನ್‌ನಲ್ಲಿ ಪರದೆಗೆ ಹಿಡಿಯಿರಿ. ಪರದೆ ಮಿಣುಕುವುದು ಕಂಡರೆ, ಆ ಟಿವಿ ದೀಪವನ್ನು ಆರಿಸಿ ಹೊತ್ತಿಸಿ ಬೆಳಕು ಕಡಿಮೆ ಮಾಡುವ ಬಗೆಯದು. ಆಗ ಬ್ಯಾಕ್‌ಲೈಟನ್ನು ಮಿಣುಕು ನಿಲ್ಲುವವರೆಗೆ ಏರಿಸಿ, ಕಾಂಟ್ರಾಸ್ಟ್ ಇಳಿಸಿಕೊಳ್ಳಿ.

ನನ್ನ ಉತ್ತರ ಬದಲಾಗುವುದು ಒಂದೇ ಸಂದರ್ಭದಲ್ಲಿ. ಇಡೀ ಮನೆಗೆ ಒಂದೇ ಟಿವಿ, ಹಗಲು ಯಾರೂ ನೋಡುವುದಿಲ್ಲ, ರಾತ್ರಿ ಹಾಲ್‌ನಲ್ಲೇ ಲೈಟ್ ಆರಿಸಿ ಸಿನಿಮಾ ಎಂದಿದ್ದರೆ ಹಾಲ್‌ಗೂ ಓಎಲ್‌ಇಡಿ ಎನ್ನುತ್ತಿದ್ದೆ. ಅತ್ತೆಯವರ ನ್ಯೂಸ್ ಇರುವವರೆಗೆ ಅದು ಬೇಡ.

ಬಿಲ್ ಮಾಡಿಸುವಾಗ ಒಂದು ಸಾಲು ನೋಡಿಕೊಳ್ಳಿ. 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ನಿಮಗೆ ಹೇಳಿದ ದರ ಅದನ್ನು ಸೇರಿಸಿಯೋ, ಹಳೆಯ ಎಂಆರ್‌ಪಿಯ ಮೇಲಿನ ರಿಯಾಯಿತಿಯೋ ಎಂದು ಕೇಳಿ. ಬೆಡ್‌ರೂಮಿಗೆ ಓಎಲ್‌ಇಡಿ ಬಂದ ದಿನ ಅದರ ಗೋಡೆಯ ಸ್ವಿಚ್ ಮೇಲೆ ಒಂದು ಟೇಪ್ ಅಂಟಿಸಿ, "ಆರಿಸಬೇಡಿ" ಎಂದು ಬರೆದಿಡಿ. ಮೇಷ್ಟ್ರ ಮಗ ಹೊಸ ಟಿವಿ ತಂದಾಗ ಮೊದಲು ಮಾಡಿದ್ದು ಅದನ್ನೇ.